ಓದುಗರ ಪ್ರಶ್ನೆ: ಅಫೈನ್ ಸೈಫರ್‌ನಲ್ಲಿ a = 15 ಕೊಟ್ಟಿದ್ದಾರೆ, ಅದು ಅವಿಭಾಜ್ಯ ಸಂಖ್ಯೆ ಅಲ್ಲ. ಕೀ ತಪ್ಪಲ್ವಾ?

ತಪ್ಪಲ್ಲ. ಪ್ರತಿ ಪರೀಕ್ಷೆ ಹತ್ತಿರ ಬಂದಾಗಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನಾನು ಇದನ್ನೇ ಹೇಳುತ್ತೇನೆ. ಅಫೈನ್ ಸೈಫರ್‌ನಲ್ಲಿ ಅಕ್ಷರದ ಸಂಖ್ಯೆ x ಅನ್ನು aಯಿಂದ ಗುಣಿಸಿ, b ಕೂಡಿಸಿ, 26ರಿಂದ ಭಾಗಿಸುತ್ತೇವೆ; ಉಳಿಯುವ ಶೇಷವೇ ಗುಪ್ತ ಅಕ್ಷರದ ಸಂಖ್ಯೆ, a ಮತ್ತು b ಸೇರಿ ಕೀ. a ಅವಿಭಾಜ್ಯ ಆಗಿರಬೇಕು ಎಂಬ ನಿಯಮ ಎಲ್ಲೂ ಇಲ್ಲ. a ಮತ್ತು 26 ಎರಡನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟು ಬೇರೆ ಇರಬಾರದು, ಅಷ್ಟೇ. ಇದಕ್ಕೆ ಸಹ-ಅವಿಭಾಜ್ಯ ಅನ್ನುತ್ತೇವೆ. ನೋಟ್ಸ್ ಬರೆಯುವಾಗ ಆ 'ಸಹ' ಬಿಟ್ಟುಹೋಗುತ್ತದೆ, ಗೊಂದಲ ಅಲ್ಲಿಂದ ಶುರು.

ನಂಬಿಕೆ ಬರದಿದ್ದರೆ ಒಂದು ಅವಿಭಾಜ್ಯ ಸಂಖ್ಯೆಯನ್ನೇ ಹಾಕಿ ನೋಡೋಣ. a = 13, b = 5 ಇರಲಿ. A ಅಂದರೆ 0, Z ಅಂದರೆ 25. x ಸಮಸಂಖ್ಯೆಯಾದರೆ 13x ಎನ್ನುವುದು 26ರ ಗುಣಕ, ಶೇಷ 0. ಉತ್ತರ 5, ಅಂದರೆ F. x ಬೆಸವಾದರೆ ಶೇಷ 13. ಉತ್ತರ 18, ಅಂದರೆ S. ಹೀಗಾಗಿ 26 ಅಕ್ಷರಗಳೂ ಎರಡೇ ಅಕ್ಷರಕ್ಕೆ ಇಳಿದುಬಿಟ್ಟವು. RAGI ಎಂದು ಬರೆದರೆ SFFF ಬರುತ್ತದೆ. ಇದನ್ನು ವಾಪಸ್ ಓದುವುದು ಯಾರಿಂದಲೂ ಆಗದು. a = 2 ಇಟ್ಟರೂ ಇದೇ ತೊಂದರೆ: A ಮತ್ತು N ಎರಡೂ F ಆಗುತ್ತವೆ. 2, 13 ಎರಡೂ ಅಪ್ಪಟ ಅವಿಭಾಜ್ಯಗಳೇ, ಆದರೂ ಕೀ ಆಗಲಾರವು. ಯಾಕೆಂದರೆ 26 ಎಂದರೆ 2 × 13.

ಇನ್ನು ಆಚೆ ಬದಿ ನೋಡಿ. 9, 15, 21, 25 ಅವಿಭಾಜ್ಯ ಅಲ್ಲ, ಆದರೆ ಅವುಗಳಲ್ಲಿ 2 ಕೂಡ ಇಲ್ಲ, 13 ಕೂಡ ಇಲ್ಲ. ಹಾಗಾಗಿ ನಾಲ್ಕೂ ಸರಿ. 26ರ ಒಳಗೆ ನಡೆಯುವ a ಒಟ್ಟು ಹನ್ನೆರಡು: 13 ಒಂದನ್ನು ಬಿಟ್ಟು ಎಲ್ಲ ಬೆಸಸಂಖ್ಯೆಗಳು. ಇಷ್ಟು ನೆನಪಿದ್ದರೆ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ಈಗ ನಿಮ್ಮ 15ನ್ನೇ ತೆಗೆದುಕೊಳ್ಳೋಣ. b ಮತ್ತೆ 5.

```
y = (15x + 5) mod 26
R 17 -> 260 -> 0  A
A  0 ->   5 -> 5  F
G  6 ->  95 -> 17 R
I  8 -> 125 -> 21 V
```

AFRV ಬಂತು. ಇದನ್ನು ಬಿಡಿಸಲು 5 ಕಳೆದು 15ರಿಂದ ಭಾಗಿಸಬೇಕು ಅನ್ನಿಸುತ್ತದೆ. ಆದರೆ ಇಲ್ಲಿ ಭಿನ್ನರಾಶಿಗೆ ಜಾಗ ಇಲ್ಲ. 15ಕ್ಕೆ ಗುಣಿಸಿದರೆ ಶೇಷ 1 ಕೊಡುವ ಪೂರ್ಣಸಂಖ್ಯೆ ಬೇಕು. ಅದೇ ಮಾಡ್ಯುಲರ್ ಇನ್ವರ್ಸ್. ಯೂಕ್ಲಿಡ್ ವಿಧಾನದಲ್ಲಿ ಮೇಲಿಂದ ಕೆಳಗೆ ಭಾಗಿಸುತ್ತಾ ಹೋಗಿ, ಶೇಷ 1 ಬಂದಾಗ ಹಿಂದಕ್ಕೆ ಹತ್ತಿ.

```
26 = 1*15 + 11
15 = 1*11 + 4
11 = 2*4 + 3
 4 = 1*3 + 1

1 = 4 - 3
  = 3*4 - 11
  = 3*15 - 4*11
  = 7*15 - 4*26
```

ಇನ್ವರ್ಸ್ 7. 15 × 7 = 105, ಅದರಲ್ಲಿ 104 ಹೋದರೆ 1. ಈ ತಾಳೆಯನ್ನು ಉತ್ತರ ಪತ್ರಿಕೆಯಲ್ಲೇ ಬರೆಯಿರಿ, ಒಂದು ಸಾಲು ಸಾಕು.

ಬಿಡಿಸುವ ಸೂತ್ರ `x = 7(y - 5) mod 26`. ಮೊದಲು ಕಳೆಯಬೇಕು, ಆಮೇಲೆ ಗುಣಿಸಬೇಕು. R ಹಾಕಿದರೆ 7 × 12 = 84, ಶೇಷ 6, ಅಂದರೆ G. ಮೊದಲ ಅಕ್ಷರ A ಹಾಕಿದಾಗ −35 ಬರುತ್ತದೆ, ಜಾಸ್ತಿ ಜನ ಎಡವುವುದು ಅಲ್ಲೇ. 26ನ್ನು ಎರಡು ಸಲ ಕೂಡಿಸಿ: 17, ಅಂದರೆ R. ಕಂಪ್ಯೂಟರ್‌ನಲ್ಲಿ ತಾಳೆ ನೋಡುವವರೂ ಹುಷಾರು. `-35 % 26` ಎಂದರೆ ಪೈಥಾನ್ 17 ಕೊಡುತ್ತದೆ, ಸಿ ಮತ್ತು ಜಾವಾ −9 ಕೊಡುತ್ತವೆ.

ಯಾರೂ ಕೇಳಲಿಲ್ಲ, ಆದರೂ ಇನ್ನೊಂದು ಮಾತು ಹೇಳಲೇಬೇಕು, ನನಗೆ ತುಂಬಾ ಇಷ್ಟದ ಭಾಗ ಇದು. ಕೀ ಗೊತ್ತಿಲ್ಲದಿದ್ದರೂ ಎರಡು ಅಕ್ಷರದ ಜೋಡಿ ಗೊತ್ತಿದ್ದರೆ ಕೀ ಹುಡುಕಬಹುದು. E ಹೋಗಿ N ಆಗಿದೆ, T ಹೋಗಿ E ಆಗಿದೆ ಅನ್ನಿ. ಎರಡು ಸಮೀಕರಣ ಕಳೆದರೆ b ಮಾಯ: 15a ≡ 4 − 13 ≡ 17. ಮತ್ತೆ 15ರ ಇನ್ವರ್ಸ್ ಬೇಕಾಯಿತು. 17 × 7 = 119, ಶೇಷ 15. ಅದೇ a. ಆಮೇಲೆ b = 13 − 60 = −47, ಶೇಷ 5.

ಇಲ್ಲಿ 15 ಬಂದದ್ದು T, E ನಡುವಿನ ಅಂತರದಿಂದ. ಆ ಅಂತರ ಸಮವಾಗಿದ್ದರೆ? A ಮತ್ತು E ಗೊತ್ತಿದೆ ಅನ್ನಿ, ಅಂತರ 4. ಆಗ 4a ≡ 8 ಬರುತ್ತದೆ. 4ಕ್ಕೆ ಇನ್ವರ್ಸ್ ಇಲ್ಲ ಎಂದು ಪೆನ್ನು ಕೆಳಗಿಡಬೇಡಿ. ಉತ್ತರ 2 ಅಥವಾ 15. a ಬೆಸವೇ ಆಗಿರಬೇಕಲ್ವಾ, ಹಾಗಾಗಿ 15. ನಿಜವಾಗಿ ಕೈ ಕೊಡುವುದು ಅಂತರ 13 ಆದಾಗ ಮಾತ್ರ. A ಮತ್ತು N ಜೋಡಿ ಸಿಕ್ಕರೆ 13a ≡ 13 ಬರುತ್ತದೆ, ಹನ್ನೆರಡು a ಕೂಡ ಅದಕ್ಕೆ ಹೊಂದುತ್ತವೆ. ಆಗ ಇನ್ನೊಂದು ಅಕ್ಷರ ಬೇಕೇ ಬೇಕು.