ಕನ್ನಡಿ ಹಾಕಿದರೆ ಬೆಳಕು ಎರಡು ಪಟ್ಟು ಆಗುತ್ತಾ? ಒಂದು ಪುಟ್ಟ ಫೋಯರ್‌ನ ಲೆಕ್ಕ

ಅಪಾರ್ಟ್‌ಮೆಂಟ್ ಬಾಗಿಲು ತೆಗೆದ ತಕ್ಷಣ ಸಿಗುವ ಆ ಚಿಕ್ಕ ಜಾಗ, ಅಂದರೆ ಫೋಯರ್, ಅದರ ರೆಂಡರ್ ಚಿತ್ರಗಳನ್ನು, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಿದ ಚಿತ್ರಗಳನ್ನು, ನೀವೂ ನೋಡಿರುತ್ತೀರಿ. ಒಂದು ಕಡೆ ಶೂ ರ‍್ಯಾಕ್, ಗೋಡೆಗೆ ಒತ್ತಿದಂತೆ ಕನ್ಸೋಲ್ ಟೇಬಲ್, ಅದರ ಮೇಲೆ ಕನ್ನಡಿ, ಮೇಲಿಂದ ಬೆಚ್ಚಗಿನ ಹಳದಿ ಬೆಳಕು. ಚಿತ್ರದ ಕೆಳಗೆ ಒಂದು ಮಾತು ಇದ್ದೇ ಇರುತ್ತದೆ: ಕನ್ನಡಿ ಹಾಕಿ, ಬೆಳಕು ಎರಡು ಪಟ್ಟಾಗುತ್ತದೆ. ಈ ಮಾತು ಓದಿದಾಗಲೆಲ್ಲ ನನಗೆ ತಡೆಯೋಕಾಗಲ್ಲ. ಕನ್ನಡಿ ಬೆಳಕನ್ನು ಹುಟ್ಟಿಸುವುದಿಲ್ಲ. ಹಾಗಾದರೆ ಅದು ಮಾಡುವುದು ಏನು? ಲೆಕ್ಕ ಹಾಕಿಯೇ ನೋಡೋಣ.

ಫೋಯರ್ ಅಗಲ 1.5 ಮೀಟರ್, ಉದ್ದ 2 ಮೀಟರ್, ಎತ್ತರ 2.7 ಮೀಟರ್ ಅಂತ ಇಟ್ಟುಕೊಳ್ಳಿ. ನೆಲ, ಚಾವಣಿ, ನಾಲ್ಕು ಗೋಡೆ ಎಲ್ಲ ಸೇರಿದರೆ ಸುಮಾರು 25 ಚದರ ಮೀಟರ್. ಚಾವಣಿಯ ಮಧ್ಯದಲ್ಲಿ 800 ಲೂಮೆನ್‌ನ ಒಂದು ಬಲ್ಬ್. ಆ ಬೆಳಕನ್ನು 25 ಚದರ ಮೀಟರ್‌ಗೂ ಸಮನಾಗಿ ಹಂಚಿದರೆ ಚದರ ಮೀಟರ್‌ಗೆ 32 ಲೂಮೆನ್, ಅಂದರೆ 32 ಲಕ್ಸ್. ಆದರೆ ಇದು ಬಲ್ಬಿನಿಂದ ನೇರವಾಗಿ ಬಂದದ್ದು ಮಾತ್ರ. ಗೋಡೆಗೆ ಬಿದ್ದ ಬೆಳಕು ಅಲ್ಲಿಗೇ ಮುಗಿಯುವುದಿಲ್ಲ. ಸ್ವಲ್ಪ ಗೋಡೆಯೊಳಗೆ ಹೋಗುತ್ತದೆ, ಉಳಿದದ್ದು ಪುಟಿದು ಇನ್ನೊಂದು ಗೋಡೆಗೆ ಬೀಳುತ್ತದೆ, ಅಲ್ಲಿಂದ ಮತ್ತೆ ಪುಟಿಯುತ್ತದೆ.

ತಳದಲ್ಲಿ ತೂತಿರುವ ಬಕೆಟ್‌ಗೆ ನಲ್ಲಿ ಬಿಟ್ಟ ಹಾಗೆ ಇದು. ನೀರು ಏರುತ್ತಾ ಹೋಗುತ್ತದೆ, ತೂತಿನಿಂದ ಸೋರುವುದು ನಲ್ಲಿಯಿಂದ ಬರುವುದಕ್ಕೆ ಸಮ ಆದಾಗ ನಿಲ್ಲುತ್ತದೆ. ಇಲ್ಲಿ ನಲ್ಲಿ ಅಂದರೆ ಬಲ್ಬ್, ತೂತು ಅಂದರೆ ಬೆಳಕನ್ನು ನುಂಗುವ ಗೋಡೆ, ನೆಲ, ಶೂ ರ‍್ಯಾಕ್. ಸರಾಸರಿ ಅರ್ಧ ಬೆಳಕು ಪುಟಿಯುವ ಕೋಣೆಯಾದರೆ 1, ಅದರ ಅರ್ಧ, ಅದರ ಅರ್ಧ ಅಂತ ಕೂಡುತ್ತಾ ಹೋಗಿ ಒಟ್ಟು 2 ಆಗುತ್ತದೆ. ಅಂದರೆ 32 ಲಕ್ಸ್ 64 ಆಯಿತು. ಸರಾಸರಿ ಪುಟಿತ ಶೇಕಡಾ 70 ಆದರೆ ಸುಮಾರು 107 ಲಕ್ಸ್! ಬಲ್ಬ್ ಅದೇ, ಕರೆಂಟ್ ಅದೇ, ಬಣ್ಣ ಮಾತ್ರ ಬೇರೆ.

ಈಗ ಕನ್ನಡಿ ತರೋಣ. 60 ಸೆಂ.ಮೀ. ಅಗಲ, 90 ಸೆಂ.ಮೀ. ಎತ್ತರ, ಅಂದರೆ ಅರ್ಧ ಚದರ ಮೀಟರ್‌ಗಿಂತ ಚೂರು ಜಾಸ್ತಿ. ಒಳ್ಳೆ ಕನ್ನಡಿ ಶೇಕಡಾ 90ರಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅಂದುಕೊಳ್ಳಿ. ಆದರೆ ಅದು ಮುಚ್ಚಿದ ಬಿಳಿ ಗೋಡೆಯೇ ಶೇಕಡಾ 80ರಷ್ಟು ಕೊಡುತ್ತಿತ್ತು, ಅಲ್ವಾ? 25 ಚದರ ಮೀಟರ್ ಲೆಕ್ಕದಲ್ಲಿ ಈ ವ್ಯತ್ಯಾಸ ಎಷ್ಟು ಅಂದರೆ 64 ಲಕ್ಸ್ ಇದ್ದದ್ದು 64 ಕಾಲು ಲಕ್ಸ್ ಆಗುತ್ತದೆ. ಗಾಢ ಬಣ್ಣದ ಗೋಡೆಯ ಮೇಲೆ ಹಾಕಿದರೂ 66ರ ಹತ್ತಿರ ಬರಬಹುದು, ಅಷ್ಟೇ. ಎರಡು ಪಟ್ಟು ಎಲ್ಲಿ ಬಂತು?

ಹಾಗಂತ ಕನ್ನಡಿ ದಂಡ ಅಲ್ಲ. ಗೋಡೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಕನ್ನಡಿ ಒಂದೇ ದಿಕ್ಕಿಗೆ ಕಳಿಸುತ್ತದೆ. ಎದುರಿನ ಗೋಡೆ ಬೆಳಗಿದ್ದರೆ ಕನ್ನಡಿಯಲ್ಲೂ ಬೆಳಕು ಕಾಣುತ್ತದೆ, ಎದುರಿಗೆ ಕತ್ತಲೆಯ ಓಣಿ ಇದ್ದರೆ ಕತ್ತಲೆಯೇ ಎರಡು ಸಲ ಕಾಣುತ್ತದೆ. ಹಾಗಾಗಿ ಅದರ ಎದುರಿಗೆ ಏನಿದೆ ಅನ್ನುವುದು ಕನ್ನಡಿಯ ಸೈಜಿಗಿಂತ ಮುಖ್ಯ.

ಇನ್ನು ರೆಂಡರ್ ವಿಷಯಕ್ಕೆ ಬರೋಣ. ಇಂಥ ಪುಟ್ಟ ಡಬ್ಬಿಯಂಥ ಕೋಣೆಗೂ ಕಂಪ್ಯೂಟರ್ ಗ್ರಾಫಿಕ್ಸಿಗೂ ಹಳೆಯ ನಂಟು. 1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಒಂದು ಖಾಲಿ ಡಬ್ಬಿಯ ಚಿತ್ರವನ್ನು ಲೆಕ್ಕ ಹಾಕಿ ಬಿಡಿಸಿದರು. ಒಂದು ಗೋಡೆ ಕೆಂಪು, ಎದುರಿನದು ನೀಲಿ, ಉಳಿದದ್ದು ಬಿಳಿ. ಬಣ್ಣದ ಗೋಡೆಗಳಿಂದ ಪುಟಿದ ಬೆಳಕು ಬಿಳಿ ಗೋಡೆಗೂ ಬಣ್ಣ ಹಚ್ಚಿತ್ತು, ಅದೇ ಆ ಚಿತ್ರದ ಸೊಗಸು. ಆಮೇಲೆ ಅವರು ಅಂಥದ್ದೇ ನಿಜವಾದ ಡಬ್ಬಿ ಕಟ್ಟಿ, ಲೆಕ್ಕದ ಚಿತ್ರದ ಪಕ್ಕದಲ್ಲಿಟ್ಟು, ಯಾವುದು ನಿಜ ಹೇಳಿ ಅಂತ ಜನರನ್ನು ಕೇಳಿದರು. ಉತ್ತರಗಳು ಹೆಚ್ಚುಕಮ್ಮಿ ಊಹೆಯ ಮಟ್ಟದಲ್ಲೇ ಇದ್ದವು. 1986ರಲ್ಲಿ ಗ್ರಾಫಿಕ್ಸ್ ಸಂಶೋಧಕ ಜೇಮ್ಸ್ ಕಾಜಿಯಾ ಈ ಪುಟಿತದ ಲೆಕ್ಕವನ್ನೆಲ್ಲ ಒಂದೇ ಸಮೀಕರಣದಲ್ಲಿ ಹಿಡಿದಿಟ್ಟರು, ಅದನ್ನು ಬಿಡಿಸಲು ಪಾತ್ ಟ್ರೇಸಿಂಗ್ ಅನ್ನುವ ದಾರಿಯನ್ನೂ ತೋರಿಸಿದರು. ಇವತ್ತಿನ ಫೋಯರ್ ರೆಂಡರ್‌ಗಳ ಹಿಂದೆ ಬಹುಪಾಲು ಇದೇ ವಿಧಾನ ಇದೆ.

ಪಾತ್ ಟ್ರೇಸಿಂಗ್ ಉಲ್ಟಾ ನಡೆಯುತ್ತದೆ. ಕ್ಯಾಮೆರಾದಿಂದ ಒಂದು ಕಿರಣ ಹೊರಡುತ್ತದೆ, ನೆಲಕ್ಕೋ ಗೋಡೆಗೋ ತಾಗುತ್ತದೆ, ಅಲ್ಲಿಂದ ಯಾವುದೋ ಒಂದು ದಿಕ್ಕಿಗೆ ಸುಮ್ನೆ ಹಾರುತ್ತದೆ, ಹಾಗೆ ಹಾರುತ್ತಾ ಬೆಳಕಿನ ಮೂಲವನ್ನು ಹುಡುಕುತ್ತದೆ. ಒಂದೊಂದು ಪಿಕ್ಸೆಲ್‌ಗೆ ಹೀಗೆ ನೂರಾರು ಕಿರಣ ಬಿಟ್ಟು ಸರಾಸರಿ ತೆಗೆಯುತ್ತಾರೆ. ಕಿರಣ ಕಡಿಮೆಯಾದರೆ ಚಿತ್ರ ಮರಳು ಮರಳಾಗಿ ಕಾಣುತ್ತದೆ. ಆ ಮರಳನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಕಿರಣ ಬೇಕು, ಅದಕ್ಕೇ ಎಲ್ಲರೂ ಎಲ್ಲೋ ಒಂದು ಕಡೆ ಲೆಕ್ಕ ಮೊಟಕು ಮಾಡುತ್ತಾರೆ.

ಮೊಟಕು ಮಾಡುವ ಮೊದಲ ಜಾಗ ಪುಟಿತದ ಸಂಖ್ಯೆ. ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡುವ ಸೈಕಲ್ಸ್ ಎಂಜಿನ್ ತೆಗೆದು `Light Paths` ಅಡಿಯಲ್ಲಿ `Max Bounces` ನೋಡಿ. `Diffuse`, ಅಂದರೆ ಗೋಡೆಯಂತೆ ಎಲ್ಲ ದಿಕ್ಕಿಗೂ ಚೆಲ್ಲುವ ಪುಟಿತ, ಅದರ ಎದುರಿಗೆ ನೀವು ಮುಟ್ಟದೇ ಬಿಟ್ಟರೆ 4 ಇರುತ್ತದೆ. ಅರ್ಧ ಬೆಳಕು ನುಂಗುವ ಕೋಣೆಗೆ ಇದು ಸಾಕು: ಒಟ್ಟು 2 ಬರಬೇಕಾದ ಕಡೆ 1.94 ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗೋಡೆ, ಚಾವಣಿ, ನೆಲ, ಶೂ ರ‍್ಯಾಕ್ ಎಲ್ಲ ಬಿಳಿ, ಶೇಕಡಾ 80 ಪುಟಿಯುವ ಫೋಯರ್ ಅನ್ನಿ. ಅಲ್ಲಿ ಒಟ್ಟು 5 ಬರಬೇಕು, ನಾಲ್ಕೇ ಪುಟಿತಕ್ಕೆ ನಿಲ್ಲಿಸಿದರೆ 3.36 ಬರುತ್ತದೆ. ಮೂರರಲ್ಲೊಂದು ಭಾಗ ಬೆಳಕು ಮಾಯ! ಕೋಣೆ ಬಿಳಿಯಾದಷ್ಟೂ ರೆಂಡರ್ ಜಾಸ್ತಿ ತಪ್ಪುತ್ತದೆ. ಮೂಲೆಗಳು ಮಂಕಾಗಿ ಕಾಣುತ್ತವೆ, ಅದನ್ನು ಸರಿಮಾಡಲು ಕ್ಯಾಮೆರಾ ಹಿಂದೆ ಇನ್ನೊಂದು ಕಾಣದ ಲೈಟ್ ಇಡುತ್ತಾರೆ. ಮನೆಯಲ್ಲಿ ಆ ಲೈಟ್ ಇರುವುದಿಲ್ಲ. ರೆಂಡರ್‌ನಲ್ಲಿ ಕನ್ಸೋಲ್ ಕಾಲಿಗೆ ಎರಡು ದಿಕ್ಕಿನ ನೆರಳಿದ್ದು, ಕಾಣುವ ಲೈಟ್ ಒಂದೇ ಇದ್ದರೆ, ಎರಡನೆಯ ನೆರಳು ಎಲ್ಲಿಂದ ಬಂತು ಅಂತ ಕೇಳಿ. `Diffuse` ಅನ್ನು 4ರಿಂದ 12ಕ್ಕೆ ಏರಿಸಿ ನೋಡಿದರೆ ಆ ಹೆಚ್ಚಿನ ಲೈಟ್ ಬೇಕಿತ್ತೋ ಇಲ್ಲವೋ ತಿಳಿಯುತ್ತದೆ.

ಎರಡನೆಯ ಮೊಟಕು ಕನ್ನಡಿಯದು, ನನಗೆ ತುಂಬಾ ಇಷ್ಟವಾದ ಭಾಗ. ಕನ್ನಡಿಯ ಹಿಂದೆ ಇನ್ನೊಂದು ಬಲ್ಬ್ ಇದೆ ಅಂತ ಊಹಿಸಿಕೊಳ್ಳಿ, ನಿಜ ಬಲ್ಬ್ ಎಷ್ಟು ಮುಂದಿದೆಯೋ ಅಷ್ಟೇ ಹಿಂದೆ. ಕನ್ನಡಿಯ ಚೌಕಟ್ಟು ಆ ಬಲ್ಬಿಗೆ ಕಿಟಕಿ ಇದ್ದಂತೆ. ನಮ್ಮ ಫೋಯರ್‌ನಲ್ಲಿ ಬಲ್ಬ್ ಕನ್ನಡಿ ಗೋಡೆಯಿಂದ 75 ಸೆಂ.ಮೀ. ದೂರ, ಕನ್ನಡಿ ನೆಲದಿಂದ 90 ಸೆಂ.ಮೀ.ಗೆ ಶುರುವಾಗಿ 180ಕ್ಕೆ ಮುಗಿಯುತ್ತದೆ. ಗೆರೆ ಎಳೆದು ನೋಡಿದರೆ ಆ ಕಿಟಕಿಯ ಬೆಳಕು ಎದುರು ಗೋಡೆಗೆ ಬೀಳುವುದೇ ಇಲ್ಲ, ಕೆಳಗಿಳಿದು ನೆಲಕ್ಕೆ ಬೀಳುತ್ತದೆ. ನಡುವೆ 80 ಸೆಂ.ಮೀ. ಎತ್ತರ, 30 ಸೆಂ.ಮೀ. ಆಳದ ಕನ್ಸೋಲ್ ಇರುವುದರಿಂದ ಕನ್ನಡಿಯ ಕೆಳಭಾಗದ ಪಾಲು ಟೇಬಲ್ ಮೇಲೇ ಉಳಿಯುತ್ತದೆ. ಉಳಿದದ್ದು ಕನ್ನಡಿ ಗೋಡೆಯಿಂದ ಸುಮಾರು 75 ಸೆಂ.ಮೀ. ದೂರದಲ್ಲಿ ಶುರುವಾಗಿ ಎದುರು ಗೋಡೆಯ ಬುಡದವರೆಗೆ ಅಗಲವಾಗುತ್ತಾ ಹೋಗುವ ಒಂದು ತಿಳಿ ಪಟ್ಟೆ. ಬಲ್ಬ್ ಚಿಕ್ಕದಾಗಿದ್ದು ಬದಿಗೂ ಬೆಳಕು ಚೆಲ್ಲುವಂಥದ್ದಾದರೆ ಪಟ್ಟೆಯ ಅಂಚು ಚೆನ್ನಾಗಿ ಕಾಣುತ್ತದೆ. ದೊಡ್ಡ ಹಾಲುಬಿಳಿ ಡೋಮ್ ಆದರೆ ಅಂಚು ಕರಗಿಹೋಗುತ್ತದೆ.

ಪಾತ್ ಟ್ರೇಸರ್‌ಗೆ ಈ ಪಟ್ಟೆ ಹಿಡಿಯುವುದು ಭಾರೀ ಕಷ್ಟ. ನೆಲಕ್ಕೆ ತಾಗಿದ ಕಿರಣ ಯಾವುದೋ ದಿಕ್ಕಿಗೆ ಹಾರಬೇಕು, ಅದು ಕನ್ನಡಿಗೇ ಹೋಗಬೇಕು, ಹೋದರೂ ಅಲ್ಲಿಂದ ತಿರುಗಿ ಸರಿಯಾಗಿ ಆ ಚಿಕ್ಕ ಬಲ್ಬಿಗೇ ತಾಗಬೇಕು. ಸಾವಿರಾರು ಕಿರಣಗಳಲ್ಲಿ ಎಲ್ಲೋ ಒಂದಕ್ಕೆ ಆ ಅದೃಷ್ಟ. ಆ ಒಂದು ಕಿರಣ ತಂದ ಬೆಳಕು ಒಂದೇ ಪಿಕ್ಸೆಲ್‌ನಲ್ಲಿ ಬೆಳ್ಳಗೆ ಉರಿಯುತ್ತದೆ, ನೆಲದ ತುಂಬ ಬಿಳಿ ಚುಕ್ಕಿ. ರೆಂಡರ್ ಮಾಡುವವರು ಇದಕ್ಕೆ ಫೈರ್‌ಫ್ಲೈ ಅನ್ನುತ್ತಾರೆ. ಚುಕ್ಕಿ ಹೋಗಲಿ ಅಂತ `Caustics` ಅಡಿಯ `Reflective` ಟಿಕ್ ತೆಗೆದು ಕನ್ನಡಿಯಿಂದ ಪುಟಿದು ಬೀಳುವ ಬೆಳಕಿನ ಲೆಕ್ಕವನ್ನೇ ಬಿಡುತ್ತಾರೆ, ಇಲ್ಲವೇ `Clamping` ಅಡಿಯ `Indirect Light` ಬೆಲೆ ಇಳಿಸಿ ಪುಟಿದ ಬೆಳಕಿಗೆ ಮಿತಿ ಹಾಕುತ್ತಾರೆ. ಚುಕ್ಕಿ ಹೋಗುತ್ತದೆ, ಜೊತೆಗೆ ಕನ್ನಡಿಯಿಂದ ನೆಲಕ್ಕೆ ಬಿದ್ದ ನಿಜವಾದ ಪಟ್ಟೆಯೂ ಹೋಗುತ್ತದೆ. ಇದು ಎಷ್ಟು ವಿಚಿತ್ರ ನೋಡಿ: ಕನ್ನಡಿ ಬೆಳಕು ಹೆಚ್ಚಿಸುತ್ತದೆ ಅಂತ ಹೇಳುವ ಚಿತ್ರದಲ್ಲೇ, ಕನ್ನಡಿ ಕೊಟ್ಟ ಬೆಳಕನ್ನು ಅಳಿಸಿರುತ್ತಾರೆ.

ಕನ್ನಡಿಯೊಳಗಿನ ಬಿಂಬದ ಲೆಕ್ಕ ಮಾತ್ರ ಎಂಜಿನ್ ತಪ್ಪು ಮಾಡುವುದಿಲ್ಲ. ತಪ್ಪುವುದು ನಾವು. ಕನ್ಸೋಲ್ ಮೇಲಿನ ಕನ್ನಡಿಯಲ್ಲಿ ಹೊರಡುವ ಮುಂಚೆ ಶೂ ನೋಡಿಕೊಳ್ಳಬಹುದು ಅಂತ ತುಂಬಾ ಜನ ನಂಬಿದ್ದಾರೆ. ಕಣ್ಣು 160 ಸೆಂ.ಮೀ. ಎತ್ತರದಲ್ಲಿದೆ, ನೀವು ಕನ್ನಡಿಯಿಂದ 120 ಸೆಂ.ಮೀ. ದೂರ ನಿಂತಿದ್ದೀರಿ ಅನ್ನಿ. ಪಾದ ಕಾಣಬೇಕಾದರೆ ಕಣ್ಣಿನ ಎತ್ತರದ ಅರ್ಧದಲ್ಲಿ, ಅಂದರೆ 80 ಸೆಂ.ಮೀ.ನಲ್ಲಿ ಕನ್ನಡಿ ಇರಬೇಕು. ನಮ್ಮ ಕನ್ನಡಿ ಶುರುವಾಗುವುದೇ 90ಕ್ಕೆ. ಸರಿ, 80ಕ್ಕೆ ಇಳಿಸಿದೆವು ಅಂದುಕೊಳ್ಳಿ, ಆಗಲೂ ಪಾದದಿಂದ ಮೇಲೇರಿ ಬರುವ ಕಿರಣ ಕನ್ಸೋಲ್‌ನ ಮುಂದಿನ ಅಂಚಿಗೆ ಬಡಿದು ನಿಲ್ಲುತ್ತದೆ. ಲೆಕ್ಕದ ಪ್ರಕಾರ ನೆಲದಿಂದ ಸುಮಾರು 32 ಸೆಂ.ಮೀ. ಮೇಲಿನದಷ್ಟೇ ಕಾಣುತ್ತದೆ. ಮೊಣಕಾಲಿನ ಕೆಳಗೆ ಒಂದಿಷ್ಟು ಕಾಲು ಸಿಗುತ್ತದೆ, ಶೂ ಸಿಗುವುದಿಲ್ಲ. ಶೂ ನೋಡಬೇಕೆಂದರೆ ಕನ್ಸೋಲ್ ಪಕ್ಕದಲ್ಲಿ ನೆಲದ ಹತ್ತಿರದವರೆಗೂ ಇಳಿಯುವ ಕಿರಿದಾದ ಕನ್ನಡಿ ಬೇಕು, ಅಥವಾ ಶೂ ರ‍್ಯಾಕ್ ಬಾಗಿಲಿಗೇ ಕನ್ನಡಿ ಅಂಟಿಸಬೇಕು.

ರೆಂಡರ್ ನೋಡಿ ಕೋಣೆ ಎಷ್ಟು ಬೆಳಗುತ್ತದೆ ಅಂತ ತೀರ್ಮಾನಿಸಲೂ ಬೇಡಿ. ಎಕ್ಸ್‌ಪೋಶರ್ ಒಂದು ಚೂರು ಏರಿಸಿದರೆ 64 ಲಕ್ಸ್‌ನ ಫೋಯರ್ ಕೂಡ 107 ಲಕ್ಸ್‌ನದರಂತೆ ಕಾಣುತ್ತದೆ. ನೋಡಬೇಕಾದ್ದು ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ಅಂತರ. ಅದಕ್ಕೆ ತೆರೆದ ಶೂ ರ‍್ಯಾಕ್‌ನ ಕೆಳಗಿನ ಹಲಗೆಗಿಂತ ಒಳ್ಳೆಯ ಜಾಗ ಇಲ್ಲ. ಚಾವಣಿಯ ಬೆಳಕು ಅಲ್ಲಿಗೆ ನೇರವಾಗಿ ಹೆಚ್ಚು ಹೋಗುವುದಿಲ್ಲ, ಅಲ್ಲಿರುವುದು ಬಹುತೇಕ ನೆಲದಿಂದಲೂ ಎದುರು ಗೋಡೆಯಿಂದಲೂ ಪುಟಿದು ಬಂದದ್ದು. ಪುಟಿತ ಮೊಟಕು ಮಾಡಿದ ರೆಂಡರ್‌ನಲ್ಲಿ ಆ ಹಲಗೆ ಕಪ್ಪಾಗಿರುತ್ತದೆ, ಕಾಣದ ಲೈಟ್ ಇಟ್ಟ ರೆಂಡರ್‌ನಲ್ಲಿ ಹಿಂಬದಿಯವರೆಗೂ ಬೆಳಗಿರುತ್ತದೆ, ಪುಟಿತ ಜಾಸ್ತಿ ಕೊಟ್ಟು ಸರಿಯಾಗಿ ಮಾಡಿದ್ದರಲ್ಲಿ ಮುಂದೆ ತಿಳಿಯಾಗಿ ಹಿಂದೆ ಹೋಗುತ್ತಾ ಮಂಕಾಗುತ್ತದೆ. ಆಗಲೂ ಶೂಗಳ ಬಣ್ಣ ಗೊತ್ತಾಗದಷ್ಟು ಮಂಕಿದ್ದರೆ ಕನ್ನಡಿ ದೊಡ್ಡದು ಮಾಡುವುದು ಬಿಡಿ, ಕನ್ಸೋಲ್ ತಳಕ್ಕೆ ರ‍್ಯಾಕ್ ಕಡೆ ಮುಖ ಮಾಡಿ ಒಂದು ಎಲ್‌ಇಡಿ ಪಟ್ಟಿ ಅಂಟಿಸಿ.