ಓದುಗರ ಪ್ರಶ್ನೆ: ನಲವತ್ತು ವಾಟ್ ಉಳಿತಾಯಕ್ಕೆ 45,000 ರೂಪಾಯಿ ಹೆಚ್ಚು ಕೊಡಬೇಕೆ?

ಪ್ರಶ್ನೆ: ಕಾರವಾರದ ಬೈತಖೋಲ ಬಂದರಿನ ಹತ್ತಿರ ನಮ್ಮದೊಂದು ಐಸ್ ಪ್ಲಾಂಟ್ ಇದೆ. 11 ಕೆವಿ ಎಚ್‌ಟಿ ಸಂಪರ್ಕಕ್ಕೆ ಹೊಸ 500 ಕೆವಿಎ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕಾಗಿದ್ದು, ಎರಡು ಕೊಟೇಶನ್ ಬಂದಿವೆ. ಮೊದಲನೆಯದರ ಬೆಲೆ 8,00,000 ರೂಪಾಯಿ, ಎರಡನೆಯದರದು 8,45,000 ರೂಪಾಯಿ. ಪೂರ್ಣ ಲೋಡ್‌ನಲ್ಲಿ ಒಟ್ಟು ನಷ್ಟ ಮೊದಲನೆಯದರಲ್ಲಿ 4,260 ವಾಟ್, ಎರಡನೆಯದರಲ್ಲಿ 4,220 ವಾಟ್. ಅರ್ಧ ಲೋಡ್‌ನಲ್ಲಿ ಕ್ರಮವಾಗಿ 1,500 ಮತ್ತು 1,400 ವಾಟ್. ನಲವತ್ತು ವಾಟ್‌ಗೋಸ್ಕರ ಯಾರಾದರೂ 45,000 ರೂಪಾಯಿ ಸುರಿಯುತ್ತಾರೆಯೇ ಎಂದು ಮೊದಲನೆಯವರು ಕೇಳುತ್ತಿದ್ದಾರೆ. ಅವರ ಮಾತು ಸರಿಯೆ?

ಉತ್ತರ: ಅವರ ಲೆಕ್ಕದಲ್ಲಿ ಕೂಡುವಿಕೆ ತಪ್ಪಿಲ್ಲ, ಆದರೆ ಕೂಡಬಾರದ ಎರಡನ್ನು ಕೂಡಿದ್ದಾರೆ. ಟ್ರಾನ್ಸ್‌ಫಾರ್ಮರಿನ ನಷ್ಟದಲ್ಲಿ ಎರಡು ಭಾಗಗಳಿದ್ದು, ಅವು ನಿಮ್ಮ ಬಿಲ್ಲಿಗೆ ಸೇರುವ ರೀತಿ ಬೇರೆ ಬೇರೆಯಾಗಿದೆ. ನೋ-ಲೋಡ್ ನಷ್ಟ ಕೋರ್‌ನಲ್ಲಿ ಆಗುವಂಥದ್ದು. ಪ್ಲಾಂಟಿನಲ್ಲಿ ಒಂದು ದೀಪವೂ ಉರಿಯದಿದ್ದರೂ, 11 ಕೆವಿ ಕಡೆ ವಿದ್ಯುತ್ ಇರುವಷ್ಟು ಹೊತ್ತು ಅದು ಒಂದೇ ಪ್ರಮಾಣದಲ್ಲಿ ನಡೆಯುತ್ತದೆ. ಲೋಡ್ ನಷ್ಟ ಮುಖ್ಯವಾಗಿ ಸುರುಳಿಗಳಲ್ಲಿ ಆಗುವಂಥದ್ದು, ಅದು ಲೋಡಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಲೋಡ್ ಅರ್ಧವಾದರೆ ಈ ನಷ್ಟ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಮೀಟರ್ ಎಚ್‌ಟಿ ಕಡೆ ಇದ್ದರೆ ಈ ಎರಡೂ ನಷ್ಟಗಳ ಯೂನಿಟ್ಟುಗಳಿಗೆ ಹಣ ಕಟ್ಟುವವರು ನೀವೇ.

ಆದ್ದರಿಂದ ಮೊದಲು ಮಾಡಬೇಕಾದದ್ದು ಕೊಟೇಶನ್ನಿನ ಒಟ್ಟು ನಷ್ಟವನ್ನು ಎರಡು ಭಾಗವಾಗಿ ಬಿಡಿಸುವುದು. ವಿತರಣಾ ಟ್ರಾನ್ಸ್‌ಫಾರ್ಮರ್‌ಗಳ ಭಾರತೀಯ ಮಾನಕವಾದ ಐಎಸ್ 1180 ನಷ್ಟದ ಮಿತಿಯನ್ನು ಶೇ. 50 ಮತ್ತು ಶೇ. 100 ಲೋಡ್‌ಗಳಲ್ಲಿನ ಒಟ್ಟು ನಷ್ಟವಾಗಿ ಹೇಳುವುದರಿಂದ ತಯಾರಕರೂ ಬಹುಮಟ್ಟಿಗೆ ಅದೇ ರೂಪದಲ್ಲಿ ಬರೆದುಕೊಡುತ್ತಾರೆ. ಪೂರ್ಣ ಲೋಡ್‌ನ ಅಂಕಿಯಲ್ಲಿ ಇಡೀ ಲೋಡ್ ನಷ್ಟವಿದೆ, ಅರ್ಧ ಲೋಡ್‌ನ ಅಂಕಿಯಲ್ಲಿ ಅದರ ಕಾಲು ಭಾಗ ಮಾತ್ರ ಇದೆ, ನೋ-ಲೋಡ್ ನಷ್ಟ ಎರಡರಲ್ಲಿಯೂ ಅಷ್ಟೇ ಇದೆ. ಹಾಗಾಗಿ ಎರಡು ಅಂಕಿಗಳ ವ್ಯತ್ಯಾಸವೆಂದರೆ ಲೋಡ್ ನಷ್ಟದ ಮುಕ್ಕಾಲು ಭಾಗ. ಮೊದಲನೆಯ ಕೊಟೇಶನ್ನಿನಲ್ಲಿ 4,260ರಿಂದ 1,500 ಕಳೆದರೆ 2,760 ಉಳಿಯುತ್ತದೆ. ಅದನ್ನು 0.75ರಿಂದ ಭಾಗಿಸಿದರೆ ಲೋಡ್ ನಷ್ಟ 3,680 ವಾಟ್, ಉಳಿದ 580 ವಾಟ್ ನೋ-ಲೋಡ್ ನಷ್ಟ. ಎರಡನೆಯದಕ್ಕೂ ಹೀಗೆಯೇ ಮಾಡಿದರೆ ಲೋಡ್ ನಷ್ಟ 3,760 ವಾಟ್, ನೋ-ಲೋಡ್ ನಷ್ಟ 460 ವಾಟ್ ಎಂದು ತಿಳಿಯುತ್ತದೆ.

ಈಗ ಚಿತ್ರ ಬೇರೆಯಾಗಿ ಕಾಣುತ್ತದೆ. ಎರಡನೆಯ ಟ್ರಾನ್ಸ್‌ಫಾರ್ಮರ್ ನೋ-ಲೋಡ್‌ನಲ್ಲಿ 120 ವಾಟ್ ಉಳಿಸುತ್ತದೆ, ಲೋಡ್ ನಷ್ಟದಲ್ಲಿ 80 ವಾಟ್ ಹೆಚ್ಚು ತಿನ್ನುತ್ತದೆ. ನಲವತ್ತು ವಾಟ್ ಎಂಬುದು ಈ ಎರಡರ ವ್ಯತ್ಯಾಸ, ಮತ್ತು ಟ್ರಾನ್ಸ್‌ಫಾರ್ಮರ್ ವರ್ಷವಿಡೀ ಪೂರ್ಣ ಲೋಡ್‌ನಲ್ಲಿ ದುಡಿದರೆ ಮಾತ್ರ ಅದು ನಿಜ. ಐಸ್ ಪ್ಲಾಂಟ್ ಹಾಗೆ ದುಡಿಯುವುದಿಲ್ಲ.

ಮುಂದಿನ ಹೆಜ್ಜೆ, ಪ್ರತಿಯೊಂದು ವಾಟ್ ನಷ್ಟಕ್ಕೂ ಇವತ್ತಿನ ಬೆಲೆ ಕಟ್ಟುವುದು. ಮುಂದಿನ ವರ್ಷಗಳಲ್ಲಿ ಆ ಒಂದು ವಾಟ್‌ಗಾಗಿ ನೀವು ಕಟ್ಟಲಿರುವ ವಿದ್ಯುತ್ ಹಣವನ್ನು ಬಡ್ಡಿಯ ಲೆಕ್ಕ ಹಿಡಿದು ಇಂದಿನ ಮೊತ್ತಕ್ಕೆ ಇಳಿಸಿದರೆ ಸಿಗುವುದೇ ನಷ್ಟದ ಬಂಡವಾಳ ಮೌಲ್ಯ. ನೋ-ಲೋಡ್ ನಷ್ಟದ ಮೌಲ್ಯವನ್ನು A ಎಂದೂ ಲೋಡ್ ನಷ್ಟದ ಮೌಲ್ಯವನ್ನು B ಎಂದೂ ಕರೆಯುವುದು ರೂಢಿ.

```
A = h × c × F
B = A × k
F = (1 − (1 + r)^(−n)) / r
```

ಇಲ್ಲಿ h ಎಂದರೆ ವರ್ಷದಲ್ಲಿ ಟ್ರಾನ್ಸ್‌ಫಾರ್ಮರ್ ಚಾರ್ಜ್ ಆಗಿರುವ ಗಂಟೆಗಳು, c ಯೂನಿಟ್ ದರ, r ಬಡ್ಡಿದರ, n ವರ್ಷಗಳು, k ಎಂದರೆ ಆ ಗಂಟೆಗಳಲ್ಲಿನ ಲೋಡಿನ ವರ್ಗದ ಸರಾಸರಿ. ಉದಾಹರಣೆಗಾಗಿ ಯೂನಿಟ್‌ಗೆ 7.50 ರೂಪಾಯಿ, ಬಡ್ಡಿ ಶೇ. 10, ಅವಧಿ 20 ವರ್ಷ ಎಂದು ಇಟ್ಟುಕೊಳ್ಳುತ್ತೇನೆ. ನೀವು ನಿಮ್ಮ ಹೆಸ್ಕಾಂ ಬಿಲ್ಲಿನಲ್ಲಿರುವ ದರವನ್ನೂ ನಿಮ್ಮ ಸಾಲದ ಬಡ್ಡಿಯನ್ನೂ ಹಾಕಿಕೊಳ್ಳಬೇಕು. ಆಗ F ಸುಮಾರು 8.51 ಆಗುತ್ತದೆ. ವರ್ಷದ 8,760 ಗಂಟೆಗಳಿಗೆ ಗುಣಿಸಿದರೆ A ಕಿಲೋವಾಟ್‌ಗೆ ಹೆಚ್ಚುಕಡಿಮೆ 5,59,000 ರೂಪಾಯಿ, ಅಂದರೆ ವಾಟ್‌ಗೆ 559 ರೂಪಾಯಿ.

B ಕಟ್ಟುವಾಗಲೇ ಹೆಚ್ಚಿನವರು ಎಡವುವುದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆಗ ಐಸಿಗೆ ಕೇಳುವವರು ಕಡಿಮೆ. ಆ ದಿನಗಳಲ್ಲಿ ನಿಮ್ಮ ಲೋಡ್ ಶೇ. 10 ಇರುತ್ತದೆ ಎಂದೂ, ಉಳಿದ 304 ದಿನಗಳಲ್ಲಿ ದಿನಕ್ಕೆ 16 ಗಂಟೆ ಶೇ. 60, ಮಿಕ್ಕ 8 ಗಂಟೆ ಶೇ. 40 ಇರುತ್ತದೆ ಎಂದೂ ಭಾವಿಸಿದ್ದೇನೆ. ಮೊದಲು ಪ್ರತಿ ಲೋಡನ್ನೂ ವರ್ಗ ಮಾಡಿ, ಆಮೇಲೆ ಸರಾಸರಿ ತೆಗೆಯಬೇಕು. ಕೆಲಸದ ದಿನದ ಸರಾಸರಿ 16 × 0.36 ಮತ್ತು 8 × 0.16 ಕೂಡಿಸಿ 24ರಿಂದ ಭಾಗಿಸಿದಾಗ 0.293 ಬರುತ್ತದೆ. ನಿಷೇಧದ ದಿನಗಳದು 0.01. ಇಡೀ ವರ್ಷಕ್ಕೆ ಹಂಚಿದರೆ k ಎಂಬುದು 0.246, B ವಾಟ್‌ಗೆ ಸುಮಾರು 138 ರೂಪಾಯಿ.

ಇದೇ ಪ್ಲಾಂಟಿನ ಸರಾಸರಿ ಲೋಡ್ ಶೇ. 46. ಕೆಲವರು ವರ್ಗದ ಗೋಜಿಗೇ ಹೋಗದೆ 0.46ನ್ನೇ k ಎಂದು ಹಾಕಿ B ಅನ್ನು ಎರಡು ಪಟ್ಟಿನ ಹತ್ತಿರಕ್ಕೆ ಒಯ್ಯುತ್ತಾರೆ. ಇನ್ನು ಕೆಲವರು ಸರಾಸರಿಯನ್ನೇ ವರ್ಗ ಮಾಡಿ 0.21 ಎಂದು ತೆಗೆದು, ಹೆಚ್ಚು ಲೋಡ್ ಇರುವ ಗಂಟೆಗಳ ನಷ್ಟವನ್ನು ಮರೆಯುತ್ತಾರೆ. ಎರಡನೆಯ ತಪ್ಪು ಸಣ್ಣದು, ಮೊದಲನೆಯದು ದೊಡ್ಡದು. ಎರಡನ್ನೂ ತಪ್ಪಿಸಬೇಕಾದರೆ ಮೀಟರಿನಿಂದ ಗಂಟೆವಾರು ಲೋಡಿನ ದಾಖಲೆ ಕೇಳಿ ಪಡೆಯುವುದೇ ನೇರ ದಾರಿ.

ಈಗ ಕೂಡಿಸೋಣ. ಮೊದಲನೆಯದಕ್ಕೆ ಬೆಲೆ 8,00,000, ನೋ-ಲೋಡ್ ನಷ್ಟದ ಮೌಲ್ಯ 3,24,220, ಲೋಡ್ ನಷ್ಟದ ಮೌಲ್ಯ 5,07,840, ಒಟ್ಟು 16,32,060 ರೂಪಾಯಿ. ಎರಡನೆಯದಕ್ಕೆ ಬೆಲೆ 8,45,000, ನೋ-ಲೋಡ್ 2,57,140, ಲೋಡ್ 5,18,880, ಒಟ್ಟು 16,21,020 ರೂಪಾಯಿ. ಬೆಲೆಯಲ್ಲಿ 45,000 ದುಬಾರಿಯಾದದ್ದು ಒಟ್ಟು ಲೆಕ್ಕದಲ್ಲಿ 11,040 ರೂಪಾಯಿ ಅಗ್ಗವಾಯಿತು. ಮೊದಲನೆಯವರ ವಾದದಂತೆ ಎರಡೂ ನಷ್ಟಗಳಿಗೆ 559 ರೂಪಾಯಿಯನ್ನೇ ಹಾಕಿದ್ದರೆ ಉಳಿಯುತ್ತಿದ್ದದ್ದು ನಲವತ್ತು ವಾಟ್‌ನ 22,360 ರೂಪಾಯಿ ಮಾತ್ರ, ಆಗ ಗೆಲುವು ಅವರದಾಗುತ್ತಿತ್ತು. ಶಿರಸಿ ಕಡೆಯ ಅಡಿಕೆ ಸಂಸ್ಕರಣಾ ಘಟಕದಂತೆ ವರ್ಷದಲ್ಲಿ ಕೆಲವೇ ತಿಂಗಳು ಯಂತ್ರ ತಿರುಗುವ ಕಡೆ k ಇನ್ನೂ ಚಿಕ್ಕದಾಗಿ, ಎರಡನೆಯದರ ಮೇಲುಗೈ ಇನ್ನಷ್ಟು ಹೆಚ್ಚುತ್ತದೆ.

ಇಷ್ಟಾದರೂ, 16 ಲಕ್ಷದ ಲೆಕ್ಕದಲ್ಲಿ 11,040 ರೂಪಾಯಿ ತೆಳ್ಳಗಿನ ಅಂತರ. ಅದು ಯಾವುದಕ್ಕೆ ಕರಗುತ್ತದೆ ಎಂಬುದನ್ನು ನೋಡದೆ ಆರ್ಡರ್ ಕೊಡಬಾರದು. ಬಡ್ಡಿ ಶೇ. 12 ಆದರೆ ಅಂತರ ಸುಮಾರು 4,000ಕ್ಕೆ ಇಳಿಯುತ್ತದೆ, ಶೇ. 14 ಆದರೆ ಮೊದಲನೆಯದೇ ಅಗ್ಗವಾಗುತ್ತದೆ. ನೀವು ದುಬಾರಿ ಸಾಲದಲ್ಲಿ ಕೊಳ್ಳುತ್ತಿದ್ದರೆ ಇದು ಸಣ್ಣ ಮಾತಲ್ಲ.

ನಿಷೇಧದ ದಿನಗಳಲ್ಲಿ ಟ್ರಾನ್ಸ್‌ಫಾರ್ಮರನ್ನು ಎಚ್‌ಟಿ ಕಡೆಯಿಂದಲೇ ಆಫ್ ಮಾಡಿದರೆ ಏನಾಗುತ್ತದೆ ಎಂಬುದೂ ಕೇಳಬೇಕಾದ ಪ್ರಶ್ನೆ. ಆಗ ಚಾರ್ಜ್ ಆಗಿರುವ ಅವಧಿ 7,296 ಗಂಟೆ, A ವಾಟ್‌ಗೆ 466 ರೂಪಾಯಿ, B ಬಹುತೇಕ ಹಾಗೆಯೇ ಉಳಿಯುತ್ತದೆ. 120 ವಾಟ್‌ನ ಉಳಿತಾಯ 55,920ಕ್ಕೆ ಇಳಿದು, ಅದರಲ್ಲಿ ಲೋಡ್ ನಷ್ಟದ ಸುಮಾರು 11,000 ಕಳೆದರೆ ಎರಡೂ ಕೊಟೇಶನ್ನುಗಳು ಸಮವಾಗಿ ನಿಲ್ಲುತ್ತವೆ. ಆದರೆ ಕಾರವಾರದ ಮಳೆಗಾಲದಲ್ಲಿ ತಣ್ಣಗೆ ಬಿಟ್ಟ ಟ್ರಾನ್ಸ್‌ಫಾರ್ಮರ್ ಬ್ರೀದರ್ ಮೂಲಕ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಸಿಲಿಕಾ ಜೆಲ್ ಬಣ್ಣ ಬದಲಾಗಿರುವುದನ್ನು ಯಾರೂ ಗಮನಿಸದಿದ್ದರೆ ಎಣ್ಣೆಗೆ ನೀರು ಸೇರುತ್ತದೆ. ಎರಡು ತಿಂಗಳ ಉಳಿತಾಯಕ್ಕಾಗಿ ಆ ಅಪಾಯ ಬೇಡ ಎಂಬುದು ನನ್ನ ಅಭಿಪ್ರಾಯ. ಹಾಗಾಗಿಯೇ ಮೇಲಿನ ಲೆಕ್ಕದಲ್ಲಿ 8,760 ಗಂಟೆಗಳನ್ನು ಇಟ್ಟಿದ್ದೇನೆ.

ಎಲ್ಲಕ್ಕಿಂತ ದೊಡ್ಡ ತೂತು ಗ್ಯಾರಂಟಿಯ ಮಾತಿನಲ್ಲಿದೆ. ಟ್ರಾನ್ಸ್‌ಫಾರ್ಮರ್‌ಗಳ ಸಾಮಾನ್ಯ ಮಾನಕದ ಪ್ರಕಾರ ಒಟ್ಟು ನಷ್ಟ ಘೋಷಿಸಿದ್ದಕ್ಕಿಂತ ಶೇ. 10ರಷ್ಟು ಮೀರದಿದ್ದರೆ, ಬಿಡಿ ನಷ್ಟವೊಂದು ಶೇ. 15ರವರೆಗೆ ಹೆಚ್ಚಾಗಬಹುದು. 460 ವಾಟ್‌ನ ಶೇ. 15 ಎಂದರೆ 69 ವಾಟ್, ಅದರ ಮೌಲ್ಯ 38,571 ರೂಪಾಯಿ. ಎರಡನೆಯವರು ಆ ರಿಯಾಯಿತಿಯನ್ನು ಬಳಸಿಕೊಂಡರೆ ನಿಮ್ಮ 11,040 ರೂಪಾಯಿ ಹೋಗುವುದಲ್ಲದೆ ಇನ್ನೂ 27,000 ಕೈಬಿಡುತ್ತದೆ. ಆದ್ದರಿಂದ ಪರ್ಚೇಸ್ ಆರ್ಡರಿನಲ್ಲಿ 460 ಮತ್ತು 3,760 ವಾಟ್‌ಗಳನ್ನು ಬಿಡಿಬಿಡಿಯಾಗಿ ಬರೆಸಿ, ಇವು ಗರಿಷ್ಠ ಮಿತಿಗಳು, ಮೇಲ್ಮುಖ ರಿಯಾಯಿತಿ ಇಲ್ಲ, ಮೀರಿದ ಪ್ರತಿ ವಾಟ್ ನೋ-ಲೋಡ್ ನಷ್ಟಕ್ಕೆ 559 ಮತ್ತು ಲೋಡ್ ನಷ್ಟಕ್ಕೆ 138 ರೂಪಾಯಿ ಬಿಲ್ಲಿನಿಂದ ಕಡಿತ ಎಂದು ಸೇರಿಸಿ. ಈ ಶರತ್ತನ್ನು ಎರಡೂ ಕಡೆಯವರಿಗೆ ಬೆಲೆ ಅಂತಿಮವಾಗುವ ಮೊದಲೇ ಕಳಿಸಿ ನೋಡಿ. ಅಂಕಿಗಳಲ್ಲಿ ನಂಬಿಕೆಯಿಲ್ಲದವರು ಆಗಲೇ ನಷ್ಟದ ಅಂಕಿಯನ್ನು ತಿದ್ದಿ ಕಳಿಸುತ್ತಾರೆ, ಆ ಹೊಸ ಅಂಕಿಗಳಿಂದ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.

ಕಾರ್ಖಾನೆಯಲ್ಲಿ ಪರೀಕ್ಷೆ ನಡೆಯುವಾಗ ನಿಮ್ಮ ಕಡೆಯವರೊಬ್ಬರು ಹಾಜರಿದ್ದು, ಟೆಸ್ಟ್ ರಿಪೋರ್ಟಿನ ಲೋಡ್ ನಷ್ಟ 75 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸಿದ್ದೇ ಎಂದು ನೋಡಿಕೊಳ್ಳಲಿ. ತಾಮ್ರದ ಸುರುಳಿಯ ರೋಧ 30 ಡಿಗ್ರಿಯಲ್ಲಿ ಸುಮಾರು ಶೇ. 14ರಷ್ಟು ಕಡಿಮೆ ಇರುತ್ತದೆ. ಅಳತೆ ಮಾಡಿದ ದಿನದ ತಾಪಮಾನದ ಅಂಕಿಯನ್ನೇ ರಿಪೋರ್ಟಿನಲ್ಲಿ ಬರೆದಿದ್ದರೆ, ಮಿತಿ ಮೀರಿದ ಟ್ರಾನ್ಸ್‌ಫಾರ್ಮರ್ ಕೂಡ ಮಿತಿಯೊಳಗೆ ಇರುವಂತೆ ಕಾಣುತ್ತದೆ.