ಗೀಸರಿಗೆ ಒಂದೂವರೆ ಎಂಎಂ ವೈರ್ ಸಾಕೇ? ಮೀಟರಿನಿಂದ ಅಲ್ಯೂಮಿನಿಯಂ ಎಳೆಯಬಹುದೇ?

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಮಂಜೂರಾದ ಲೋಡ್ 5 ಕಿಲೋವ್ಯಾಟ್, ಸಿಂಗಲ್ ಫೇಸ್. ಮೀಟರ್ ಕಾಂಪೌಂಡ್ ಗೋಡೆಯಲ್ಲಿದೆ, ಅಲ್ಲಿಂದ ಮನೆಯೊಳಗೆ ಕರೆಂಟನ್ನು ಹಂಚುವ ಡಿಬಿ ಬಾಕ್ಸಿಗೆ ಸುಮಾರು 18 ಮೀಟರ್. ಮೇಲಿನ ಬಚ್ಚಲಿಗೆ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಹಾಕಿಸಬೇಕೆಂದಿದ್ದೇವೆ. ನಮ್ಮ ಎಲೆಕ್ಟ್ರಿಷಿಯನ್ ‘ಎಲ್ಲ ಪಾಯಿಂಟಿಗೂ ಒಂದೂವರೆ ಎಂಎಂ ಸಾಕು, ಮೀಟರಿನಿಂದ ಡಿಬಿಗೆ ಅಲ್ಯೂಮಿನಿಯಂ ಹಾಕಿದರೆ ಹಣ ಉಳಿಯುತ್ತದೆ’ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಮೊದಲನೆಯದಕ್ಕೆ ಒಪ್ಪಬೇಡಿ. ಎರಡನೆಯದಕ್ಕೆ ಒಪ್ಪಬಹುದು, ಆದರೆ ಕೆಲವು ಷರತ್ತುಗಳ ಮೇಲೆ. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ. ಗೋಡೆಗೆ ಪ್ಲಾಸ್ಟರ್ ಆದಮೇಲೆ ಈ ಎರಡನ್ನೂ ತಿದ್ದುವುದು ಬಲು ಕಷ್ಟ.

ಅಂಗಡಿಯಲ್ಲಿ ‘ಒಂದೂವರೆ ಎಂಎಂ’, ‘ಎರಡೂವರೆ ಎಂಎಂ’ ಎಂದು ಕೇಳುತ್ತೇವಲ್ಲ, ಅದು ವೈರಿನ ದಪ್ಪವಲ್ಲ. ಒಳಗಿನ ತಾಮ್ರವನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ, ಅಂದರೆ ಚದರ ಮಿಲಿಮೀಟರ್. ಹಳೆಯ ಎಲೆಕ್ಟ್ರಿಷಿಯನ್‌ಗಳು ಇಂದಿಗೂ ‘ತ್ರೀ ಟ್ವೆಂಟಿ’, ‘ಸೆವೆನ್ ಟ್ವೆಂಟಿ’ ಎನ್ನುವುದನ್ನು ಕೇಳಿರಬಹುದು. ತ್ರೀ ಟ್ವೆಂಟಿ ಎಂದರೆ 20 ಗೇಜಿನ ಮೂರು ಎಳೆ. ಎಲ್ಲ ಸೇರಿ ಸುಮಾರು 2 ಚದರ ಮಿಲಿಮೀಟರ್ ಆಗುತ್ತದೆ. ಗೇಜಿನಲ್ಲಿ ಲೆಕ್ಕ ತಿರುಗುಮುರುಗು: ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣದು. ಎಷ್ಟೋ ಮನೆಗಳಲ್ಲಿ ಮಾಲೀಕರು ಎಂಎಂ ಲೆಕ್ಕದಲ್ಲಿ, ಕೆಲಸದವರು ಗೇಜ್ ಲೆಕ್ಕದಲ್ಲಿ ಮಾತನಾಡಿ ಸಣ್ಣ ವೈರ್ ಗೋಡೆಯೊಳಗೆ ಸೇರಿಬಿಟ್ಟಿದೆ. ಆದ್ದರಿಂದ ಒಪ್ಪಂದದ ಚೀಟಿಯಲ್ಲಿ ಚದರ ಮಿಲಿಮೀಟರನ್ನೇ ಬರೆಸಿ.

ಈಗ ನಿಮ್ಮ ಗೀಸರನ್ನೇ ತೆಗೆದುಕೊಳ್ಳೋಣ. 3,000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 13 ಆಂಪಿಯರ್. ಡಿಬಿಯಿಂದ ಮೇಲಿನ ಬಚ್ಚಲಿಗೆ ಪೈಪಿನ ಹಾದಿ 22 ಮೀಟರ್ ಎಂದಿಟ್ಟುಕೊಳ್ಳಿ. ಕರೆಂಟು ಹೋಗಿ ವಾಪಸು ಬರಬೇಕಾದ್ದರಿಂದ ಫೇಸ್ ಮತ್ತು ನ್ಯೂಟ್ರಲ್ ಎರಡೂ ಸೇರಿ 44 ಮೀಟರ್ ತಾಮ್ರ. ಒಂದೂವರೆಯ ವೈರಿನಲ್ಲಿ ಇಷ್ಟು ಉದ್ದಕ್ಕೆ ರೋಧ 0.58 ಓಮ್ ಆಸುಪಾಸು. 13 ಆಂಪಿಯರ್ ಹರಿದಾಗ ಗೋಡೆಯೊಳಗಿನ ವೈರಿನಲ್ಲಿಯೇ ಸುಮಾರು 100 ವ್ಯಾಟ್ ಶಾಖವಾಗುತ್ತದೆ. ಎರಡೂವರೆಯಲ್ಲಿ ಅದು 60ಕ್ಕೆ ಇಳಿಯುತ್ತದೆ. ನಾಲ್ಕು ಚದರ ಮಿಲಿಮೀಟರಿನಲ್ಲಿ 37 ವ್ಯಾಟ್ ಮಾತ್ರ.

ನೂರು ವ್ಯಾಟ್ 22 ಮೀಟರಿಗೆ ಹರಡಿಕೊಂಡರೆ ಏನು ಮಹಾ ಎನಿಸಬಹುದು. ವೈರ್ ಬಯಲಿನಲ್ಲಿ ನೇತಾಡುತ್ತಿದ್ದರೆ ಆ ಮಾತು ಸರಿ. ಆದರೆ ಅದು ಬಿಸಿಲಿಗೆ ಕಾದ ಸ್ಲ್ಯಾಬಿನ ಅಡಿಯಲ್ಲಿ, ಪಿವಿಸಿ ಪೈಪಿನೊಳಗೆ, ಇನ್ನೂ ನಾಲ್ಕೈದು ವೈರುಗಳ ಜೊತೆ ಒತ್ತಿಕೊಂಡು ಕೂತಿರುತ್ತದೆ. ಶಾಖ ಹೊರಗೆ ಹೋಗಲು ದಾರಿಯಿಲ್ಲ. ವೈರಿನ ಮೇಲಿನ ಸಾಮಾನ್ಯ ಪಿವಿಸಿ ಹೊದಿಕೆ ಸತತವಾಗಿ ತಡೆಯುವುದು 70 ಡಿಗ್ರಿ ಸೆಲ್ಸಿಯಸ್ ತನಕ. ತಾಮ್ರ ಬಿಸಿಯಾದಂತೆ ಅದರ ರೋಧವೂ ಏರುತ್ತದೆ, 70 ಡಿಗ್ರಿಯಲ್ಲಿ ಸುಮಾರು ಶೇಕಡ 20ರಷ್ಟು. ಪೈಪಿನೊಳಗಿನ ಒಂದೂವರೆಗೆ ಒಪ್ಪುವುದು 14ರಿಂದ 16 ಆಂಪಿಯರ್, ಜೊತೆಯಲ್ಲಿ ಬೇರೆ ವೈರುಗಳೂ ಬಿಸಿಯಾಗುತ್ತಿದ್ದರೆ ಇನ್ನೂ ಕಡಿಮೆ. ನಿಮ್ಮ ಗೀಸರ್ ಆ ಅಂಚಿನಲ್ಲಿಯೇ ನಡೆಯುತ್ತದೆ. ಮೊದಲ ದಿನವೇ ಏನೂ ಆಗುವುದಿಲ್ಲ. ಹೊದಿಕೆ ವರ್ಷವರ್ಷಕ್ಕೆ ಗಡುಸಾಗಿ, ಬಾಗಿಸಿದ ಕಡೆ ಬಿರುಕು ಬಿಡುತ್ತದೆ.

ಇಲ್ಲಿ ಎಂಸಿಬಿಯ, ಅಂದರೆ ಕರೆಂಟು ಮಿತಿಮೀರಿದರೆ ತಾನಾಗಿ ಬಿದ್ದು ಆಫ್ ಆಗುವ ಸ್ವಿಚ್ಚಿನ ವಿಷಯ ಬರುತ್ತದೆ. ಎಂಸಿಬಿ ಇರುವುದು ಗೀಸರನ್ನು ಕಾಯಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ಗೋಡೆಯೊಳಗಿನ ವೈರನ್ನು. ಹಾಗಾಗಿ ಅದರ ಆಂಪಿಯರ್ ಯಾವಾಗಲೂ ವೈರಿನ ತಾಕತ್ತಿಗಿಂತ ಕಡಿಮೆಯಿರಬೇಕು. ಗೀಸರಿನ ಪ್ಲಗ್ 16 ಆಂಪಿಯರಿನದು ಎಂದು 16 ಅಥವಾ 20ರ ಎಂಸಿಬಿ ಕೂರಿಸಿ, ಹಿಂದೆ ಒಂದೂವರೆಯ ವೈರ್ ಬಿಟ್ಟರೆ, ಎಂಸಿಬಿ ಬೀಳುವ ಮೊದಲೇ ವೈರ್ ಸುಡುವ ಏರ್ಪಾಡಾಯಿತು. ಪದೇಪದೇ ಬೀಳುತ್ತಿದೆ ಎಂದು 16ರ ಜಾಗಕ್ಕೆ 25 ಅಥವಾ 32 ಹಾಕಿಕೊಡುವವರಿದ್ದಾರೆ. ಅಂಥವರಿಂದ ನಿಮ್ಮ ಡಿಬಿಯನ್ನು ಮುಟ್ಟಿಸಬೇಡಿ.

ನಿಮ್ಮ ಮನೆಗೆ ನಾನು ಬರೆದುಕೊಡುವುದು ಇಷ್ಟು: ದೀಪ, ಫ್ಯಾನುಗಳಿಗೆ ಒಂದೂವರೆ. ಅಡುಗೆಮನೆಯ ಮಿಕ್ಸಿ, ಫ್ರಿಜ್, ಇಸ್ತ್ರಿಪೆಟ್ಟಿಗೆಯ ಪಾಯಿಂಟುಗಳಿಗೆ ಎರಡೂವರೆ. ಗೀಸರಿಗೆ ಡಿಬಿಯಿಂದ ನೇರವಾಗಿ, ನಡುವೆ ಬೇರೆ ಯಾವ ಪಾಯಿಂಟಿಗೂ ಕವಲೊಡೆಯದೆ, ನಾಲ್ಕು ಚದರ ಮಿಲಿಮೀಟರ್ ಮತ್ತು 16ರ ಎಂಸಿಬಿ. ನಿಮ್ಮ ದೂರಕ್ಕೆ ಎರಡೂವರೆಯೂ ನಡೆಯುತ್ತದೆ, ಆದರೆ ಸ್ಲ್ಯಾಬಿನಡಿಯ ಶಾಖ ನೆನೆದರೆ ನನಗೆ ನಾಲ್ಕೇ ಸಮಾಧಾನ. ಪೈಪ್ ಮಾತ್ರ ಈಗಲೇ 25 ಮಿಲಿಮೀಟರಿನದು ಹಾಕಿಸಿ. ಸ್ಲ್ಯಾಬಿಗೆ ಕಾಂಕ್ರೀಟ್ ಬಿದ್ದಮೇಲೆ 20ರ ಪೈಪಿನಲ್ಲಿ ದಪ್ಪ ವೈರುಗಳನ್ನು ಎಳೆಯಲು ಹೋಗಿ ಹೊದಿಕೆ ತರಚಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ಅಲ್ಯೂಮಿನಿಯಂ. ಒಂದೇ ಗಾತ್ರದಲ್ಲಿ ಅದರ ರೋಧ ತಾಮ್ರದ ರೋಧದ ಸುಮಾರು 1.6 ಪಟ್ಟು. ಇದೊಂದೇ ತೊಂದರೆಯಾಗಿದ್ದರೆ ದಪ್ಪ ವೈರ್ ಹಾಕಿ ಮುಗಿಸಬಹುದಿತ್ತು. ಬೀದಿಯ ಲೈನುಗಳೆಲ್ಲ ಅಲ್ಯೂಮಿನಿಯಮ್ಮೇ ಅಲ್ಲವೇ? ತೊಂದರೆ ಇರುವುದು ವೈರಿನ ತುದಿಯಲ್ಲಿ, ಸ್ಕ್ರೂ ಬಿಗಿಯುವ ಜಾಗದಲ್ಲಿ.

ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ಅದರ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ, ಆ ಪೊರೆ ಕರೆಂಟನ್ನು ಬಿಡುವುದಿಲ್ಲ. ಎರಡನೆಯದಾಗಿ, ಅದು ಮೆದು ಲೋಹ. ಸ್ಕ್ರೂ ಒತ್ತಿದ ಕಡೆ ತಿಂಗಳುಗಟ್ಟಲೆ ನಿಧಾನವಾಗಿ ಸರಿದು ಚಪ್ಪಟೆಯಾಗುತ್ತದೆ. ಬಿಸಿಗೆ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಆರಿದಾಗ ಅಷ್ಟೇ ಕುಗ್ಗುತ್ತದೆ. ದಿನಾ ಬೆಳಗ್ಗೆ ಗೀಸರ್ ಹಾಕಿ ಆರಿಸಿದ ಹಾಗೆಲ್ಲ ಸ್ಕ್ರೂವಿನ ಹಿಡಿತ ಎಳ್ಳಷ್ಟು ಸಡಿಲವಾಗುತ್ತ ಹೋಗುತ್ತದೆ. ಹೀಗೆ ಸಡಿಲಾದ ಕೂಡಿಕೆಯಲ್ಲಿ 0.1 ಓಮ್ ರೋಧ ಹುಟ್ಟಿಕೊಂಡಿತು ಎನ್ನಿ. 13 ಆಂಪಿಯರಿಗೆ ಅಲ್ಲಿ 17 ವ್ಯಾಟ್ ಶಾಖ. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸಣ್ಣ ಬೆಸುಗೆ ಕಡ್ಡಿ 25 ವ್ಯಾಟಿನದು. ಅದಕ್ಕೆ ಸಮೀಪದ ಶಾಖ ಕಡಲೆಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಸ್ವಿಚ್ಚಿನ ಬೆನ್ನಿಗೆ ಅಂಟಿಕೊಂಡು ಕೂತಂತೆ. ಹರಿಯುತ್ತಿರುವುದು ಮಾಮೂಲಿ 13 ಆಂಪಿಯರ್ ಆದ್ದರಿಂದ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ 1965ರಿಂದ 1973ರ ಸುಮಾರಿಗೆ ತಾಮ್ರ ತುಟ್ಟಿಯಾಗಿ ಲಕ್ಷಾಂತರ ಮನೆಗಳಿಗೆ ಅಲ್ಯೂಮಿನಿಯಂ ವೈರಿಂಗ್ ಮಾಡಿದರು. ಆಮೇಲೆ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ನಡೆಸಿದ ಸಮೀಕ್ಷೆಯಲ್ಲಿ, 1972ಕ್ಕಿಂತ ಹಿಂದೆ ತಯಾರಾದ ಆ ವೈರಿನ ಮನೆಗಳಲ್ಲಿ ಪ್ಲಗ್ ಪಾಯಿಂಟಿನ ಕೂಡಿಕೆ ಬೆಂಕಿ ಹೊತ್ತಿಕೊಳ್ಳುವ ಸ್ಥಿತಿಗೆ ತಲುಪುವ ಸಂಭವ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು ಎಂದು ಕಂಡುಬಂತು. ನಮ್ಮಲ್ಲಿಯೂ ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಅಲ್ಯೂಮಿನಿಯಂ ವೈರಿಂಗ್ ಇದೆ. ಅಂಥ ಒಂದು ಮನೆಯಲ್ಲಿ ‘ಸಂಜೆ ಲೈಟು ಮಿಣುಕುತ್ತದೆ’ ಎಂದು ಕರೆದಿದ್ದರು. ಬೋರ್ಡ್ ಬಿಚ್ಚಿದರೆ ನ್ಯೂಟ್ರಲ್ ಸ್ಕ್ರೂವಿನ ಸುತ್ತ ಕಂದು ಬಣ್ಣ, ಬೂದಿಯಂಥ ಬಿಳಿ ಪುಡಿ, ಹೊದಿಕೆ ಬೆರಳು ತಾಗಿದರೆ ಉದುರುವಷ್ಟು ಒಣಗಿತ್ತು. ತಾಮ್ರದ ವೈರನ್ನೂ ಅಲ್ಯೂಮಿನಿಯಂ ವೈರನ್ನೂ ಒಟ್ಟಿಗೆ ಹೊಸೆದು ಟೇಪ್ ಸುತ್ತಿದ್ದರು. ತೇವ ತಾಗಿದರೆ ಈ ಎರಡು ಲೋಹಗಳ ಕೂಡಿಕೆಯಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಆದ್ದರಿಂದ ಡಿಬಿಯಿಂದ ಒಳಗೆ, ಸ್ವಿಚ್ಚಿನ ತನಕ, ತಾಮ್ರವಲ್ಲದೆ ಬೇರೆ ಮಾತೇ ಬೇಡ.

ಮೀಟರಿನಿಂದ ಡಿಬಿಗೆ ಬರುವ ಕೇಬಲಿನ ಸಂಗತಿ ಬೇರೆ. ಅಲ್ಲಿ ಕೂಡಿಕೆಗಳು ಎರಡೇ ಕಡೆ, ಎರಡೂ ತೆರೆದು ನೋಡಬಹುದಾದ ಜಾಗ. ನಿಮ್ಮ 5 ಕಿಲೋವ್ಯಾಟಿಗೆ 22 ಆಂಪಿಯರ್. ತಾಮ್ರವಾದರೆ 6 ಚದರ ಮಿಲಿಮೀಟರ್ ಸಾಕು, ಹೋಗಿಬರುವ 36 ಮೀಟರಿನಲ್ಲಿ ಕಳೆಯುವುದು ಮೂರು ವೋಲ್ಟಿಗಿಂತ ಕಡಿಮೆ. ಅಷ್ಟೇ ಕೆಲಸ ಮಾಡಲು ಅಲ್ಯೂಮಿನಿಯಂ 10 ಬೇಕು. ನಾನಾದರೆ 16ರ ಆರ್ಮರ್ಡ್ ಕೇಬಲ್ ಹಾಕುತ್ತೇನೆ, ಮುಂದೆ ಎಸಿ ಬಂದರೂ ತಡೆಯುತ್ತದೆ. ತಂತಿಯ ತುದಿಗೆ ತೊಡಿಸುವ ಲೋಹದ ಟೊಪ್ಪಿಗೆಯಾದ ಲಗ್ಗನ್ನು ಅದೇ ಅಳತೆಯದು ತಂದು, ಕ್ರಿಂಪಿಂಗ್ ಯಂತ್ರದಲ್ಲಿಯೇ ಒತ್ತಿಸಬೇಕು, ಸುತ್ತಿಗೆಯಲ್ಲಿ ಬಡಿದದ್ದಾಗಬಾರದು. ಒತ್ತುವ ಮೊದಲು ತಂತಿಯನ್ನು ಉಜ್ಜಿ ಆಕ್ಸೈಡ್ ತಡೆಯುವ ಪೇಸ್ಟ್ ಹಚ್ಚಬೇಕು. ಎದುರಿನ ಟರ್ಮಿನಲ್ ತಾಮ್ರದ್ದಾಗಿದ್ದರೆ ಎರಡು ಲೋಹದ ಲಗ್ ಎಂದೇ ಕೇಳಿ. ಇಷ್ಟು ಮಾಡಿಕೊಡಲು ನಿಮ್ಮವರು ಸಿದ್ಧರಿಲ್ಲದಿದ್ದರೆ, ಕೇವಲ 18 ಮೀಟರಿನ ಉಳಿತಾಯಕ್ಕಾಗಿ ಹೋಗದೆ ತಾಮ್ರವನ್ನೇ ಎಳೆಸಿ.

ಕೊನೆಯದಾಗಿ ನೀವು ಕೇಳದ ಒಂದು ಸಂಗತಿ. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವ ವೈರುಗಳು ತಾಮ್ರದ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಸೈಟಿಗೆ ಬಂದ ಕಾಯಿಲ್ ಬಿಚ್ಚಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಹೊಳೆದರೆ ಹಿಂದಕ್ಕೆ ಕಳಿಸಿ. ಆದರೆ ತವರ ಲೇಪಿಸಿದ ತಾಮ್ರ ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಾಗಿರುತ್ತದೆ, ಅದು ಸರಿಯಾದ ಮಾಲೇ. ತೂಕ ಇನ್ನೂ ಖಚಿತವಾದ ಪರೀಕ್ಷೆ. ಎರಡೂವರೆಯ 90 ಮೀಟರ್ ಕಾಯಿಲಿನಲ್ಲಿ ತಾಮ್ರವೇ 2 ಕಿಲೋ ಇರಬೇಕು. ಡಬ್ಬ ಬಿಟ್ಟು ಹೊದಿಕೆ ಸಮೇತ ತೂಗಿದಾಗ ತಕ್ಕಡಿ 2 ಕಿಲೋವನ್ನೂ ಮುಟ್ಟದಿದ್ದರೆ ಒಂದೋ ಲೋಹ ಬೇರೆ, ಇಲ್ಲವೇ ಉದ್ದ ಅಥವಾ ಗಾತ್ರದಲ್ಲಿ ಕಡಿತ. ಡಬ್ಬದ ಮೇಲೆ 36/0.3 ಎಂದಿದ್ದರೆ 0.3 ಮಿಲಿಮೀಟರಿನ 36 ಎಳೆ ಎಂದರ್ಥ. ತುದಿ ಸುಲಿದು ಎಳೆಗಳನ್ನು ಬಿಡಿಸಿ, ನಿಮ್ಮ ಎಲೆಕ್ಟ್ರಿಷಿಯನ್ ಎದುರಿಗೇ ಎಣಿಸಿ.